ಫಿಲ್ಟರ್ ದಾಟಿಹೋದ ಲಿಂಟ್: ಬಟ್ಟೆ ಡ್ರೈಯರ್‌ಗೆ ಬೆಂಕಿ ಹೇಗೆ ಹತ್ತುತ್ತದೆ

ಅಮೆರಿಕದ ಕೇಂದ್ರ ಸರ್ಕಾರದ ಅಗ್ನಿಶಾಮಕ ಆಡಳಿತ ಸಂಸ್ಥೆ 2008ರಿಂದ 2010ರವರೆಗಿನ ವರದಿಗಳನ್ನು ಒಟ್ಟುಗೂಡಿಸಿ ಒಂದು ಅಂದಾಜು ಪ್ರಕಟಿಸಿತ್ತು. ಅದರ ಪ್ರಕಾರ ಆ ದೇಶದ ವಸತಿ ಕಟ್ಟಡಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತಗಳು ಬಟ್ಟೆ ಒಣಗಿಸುವ ಡ್ರೈಯರ್‌ನಿಂದ ಶುರುವಾಗುತ್ತಿದ್ದವು. ವರ್ಷಕ್ಕೆ ಐದು ಸಾವು, ನೂರು ಜನರಿಗೆ ಗಾಯ, ಮೂರೂವರೆ ಕೋಟಿ ಡಾಲರ್ ನಷ್ಟ. ಬೇರೆ ರೀತಿಯಲ್ಲಿ ಲೆಕ್ಕ ಹಾಕುವ ಎನ್‌ಎಫ್‌ಪಿಎ ಎಂಬ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ ಸಂಖ್ಯೆಗಳು ಇದಕ್ಕಿಂತ ಬಹಳ ದೊಡ್ಡವು. ಆದರೆ ಒಂದು ವಿಷಯದಲ್ಲಿ ಎರಡೂ ಲೆಕ್ಕಗಳು ಹತ್ತಿರ ಬರುತ್ತವೆ. ಇಂಥ ಬೆಂಕಿಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ದಾಖಲಾಗಿರುವ ಕಾರಣ ‘ಸ್ವಚ್ಛಗೊಳಿಸದೆ ಬಿಟ್ಟದ್ದು’.

ಈ ಎರಡು ಶಬ್ದ ಓದಿದ ಕೂಡಲೇ ಯಾರೋ ಸೋಮಾರಿಗಳು ಫಿಲ್ಟರ್ ತೆಗೆದು ನೋಡಲಿಲ್ಲ ಎಂಬ ಚಿತ್ರ ಕಣ್ಣಮುಂದೆ ಬರುತ್ತದೆ. ನನಗೆ ಆ ಚಿತ್ರ ಒಪ್ಪಿಗೆಯಿಲ್ಲ. ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾ ಎಲ್ಲೇ ಇರಲಿ, ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಪ್ರತಿ ಸಲ ಬಟ್ಟೆ ಹಾಕುವ ಮೊದಲು ಫಿಲ್ಟರ್ ಮೇಲಿನ ಬೂದು ಪದರವನ್ನು ಕಿತ್ತು ಬುಟ್ಟಿಗೆ ಹಾಕುವವರೇ ಹೆಚ್ಚು. ಅದು ಬೇಕಾದ ಕೆಲಸ. ಆದರೆ ಕೈಗೆ ಸಿಗುವ ಆ ಲಿಂಟ್‌ನಿಂದ ಅಪಾಯ ಕಡಿಮೆ. ಬೆಂಕಿಗೆ ಕಾರಣವಾಗುವುದು ಫಿಲ್ಟರ್ ದಾಟಿ ಹೋದ ಲಿಂಟ್. ಅದು ಎರಡು ಕಡೆ ಕೂರುತ್ತದೆ: ಗೋಡೆಯೊಳಗಿನ ಕೊಳವೆಯಲ್ಲಿ, ಮತ್ತು ಯಂತ್ರದ ಹೊಟ್ಟೆಯಲ್ಲಿ ಹೀಟರ್‌ನ ಪಕ್ಕದಲ್ಲಿ. ಈ ಎರಡು ಜಾಗಗಳಿಗೆ ಪರಸ್ಪರ ನಂಟಿದೆ. ಆ ನಂಟು ತಿಳಿದರೆ ಯಾವ ಕೆಲಸ ಏಕೆ ಮಾಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಅಮೆರಿಕದ ಸಾಮಾನ್ಯ ಎಲೆಕ್ಟ್ರಿಕ್ ಡ್ರೈಯರ್ ಒಳಗೆ ನಡೆಯುವುದು ಇಷ್ಟು. 240 ವೋಲ್ಟ್‌ನಲ್ಲಿ ಸುಮಾರು 5,000 ವಾಟ್ ಎಳೆಯುವ ತಂತಿ ಸುರುಳಿ ಕೆಂಪಗೆ ಕಾಯುತ್ತದೆ. ಯಂತ್ರದ ಹೊರಕವಚದೊಳಗಿನ ಗಾಳಿ ಆ ಸುರುಳಿಯ ಮೇಲೆ ಹಾದು ಬಿಸಿಯಾಗಿ, ತಿರುಗುತ್ತಿರುವ ಡ್ರಮ್ಮಿಗೆ ನುಗ್ಗುತ್ತದೆ. ಅಲ್ಲಿ ಬಟ್ಟೆಯ ತೇವವನ್ನೂ ಉದುರಿದ ನಾರನ್ನೂ ಹೊತ್ತುಕೊಂಡು ಫಿಲ್ಟರ್ ಮೂಲಕ ಹೊರಬಂದು, ಫ್ಯಾನಿಗೆ ಸಿಕ್ಕಿ, ನಾಲ್ಕು ಇಂಚು ವ್ಯಾಸದ ಕೊಳವೆಯಲ್ಲಿ ಮನೆಯ ಹೊರಗೆ ಹೋಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಫ್ಯಾನಿನ ಜಾಗ. ಅದು ಇರುವುದು ಡ್ರಮ್ ಆದ ಮೇಲೆ. ಫ್ಯಾನಿನ ಹಿಂದೆ ಎಲ್ಲವೂ ಎಳೆತ, ಮುಂದೆ ಎಲ್ಲವೂ ತಳ್ಳಾಟ.

ಈಗ ಹೊರಗಿನ ಕೊಳವೆ ಸ್ವಲ್ಪ ಸ್ವಲ್ಪವಾಗಿ ಕಟ್ಟಿಕೊಳ್ಳುತ್ತಿದೆ ಎನ್ನೋಣ. ತಳ್ಳುವ ಕಡೆ ಒತ್ತಡ ಏರುತ್ತದೆ. ಫ್ಯಾನಿನ ಗೂಡಿನ ಸಂದುಗಳಿಂದ, ಕೊಳವೆಯ ಸಡಿಲ ಜೋಡಣೆಗಳಿಂದ ತೇವದ ಗಾಳಿ ಲಿಂಟ್ ಸಮೇತ ಯಂತ್ರದ ಕವಚದೊಳಗೇ ಸೋರತೊಡಗುತ್ತದೆ. ಡ್ರಮ್ಮಿನ ಅಂಚಿಗೆ ಸುತ್ತಿರುವ ಫೆಲ್ಟ್ ಪಟ್ಟಿ ಸವೆದಿದ್ದರೆ ಅಲ್ಲಿಂದಲೂ ನಾರು ಉದುರುತ್ತದೆ. ಹೀಟರ್ ತನ್ನ ಗಾಳಿಯನ್ನು ಎಳೆದುಕೊಳ್ಳುವುದು ಇದೇ ಕವಚದೊಳಗಿನಿಂದ. ಎಂದರೆ ಹೊರಗೆ ಹೋಗಬೇಕಾದ ನಾರು ಒಂದು ಸುತ್ತು ಹೊಡೆದು ಕೆಂಪಗೆ ಕಾದ ಸುರುಳಿಯ ಬಾಯಿಗೇ ಬರುತ್ತದೆ. ಗಾಳಿಯ ಓಟ ಕಡಿಮೆಯಾದ್ದರಿಂದ ಸುರುಳಿಯ ಬಿಸಿಯನ್ನು ಹೊತ್ತೊಯ್ಯುವವರೂ ಇಲ್ಲ; ಅದರ ಪೆಟ್ಟಿಗೆ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಕೊಳವೆ ಕಟ್ಟಿಕೊಳ್ಳುವುದೂ ಹೀಟರ್ ಬಳಿ ನಾರು ಸೇರುವುದೂ ಹೀಗೆ ಒಂದೇ ತೊಂದರೆಯ ಎರಡು ತುದಿಗಳು.

ಗ್ರಾಹಕ ಉತ್ಪನ್ನಗಳ ಸುರಕ್ಷತೆ ನೋಡುವ ಅಮೆರಿಕದ ಆಯೋಗ ಎಲೆಕ್ಟ್ರಿಕ್ ಡ್ರೈಯರ್ ಮತ್ತು ಲಿಂಟ್ ಹೊತ್ತಿಕೊಳ್ಳುವ ಬಗೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ 2003ರಲ್ಲಿ ವರದಿ ಕೊಟ್ಟಿತು. ಹೀಟರ್‌ನ ತೀರ ಹತ್ತಿರ ಸೇರಿದ ಅಥವಾ ಅದರೊಳಗೆ ಎಳೆಯಲ್ಪಟ್ಟ ಲಿಂಟ್ ಹೊತ್ತಿಕೊಳ್ಳಬಲ್ಲದು, ಅದರ ಕಿಡಿಗಳು ಗಾಳಿಯೊಡನೆ ಸಾಗಿ ಮುಂದಿನ ಲಿಂಟ್‌ಗೆ ಅಂಟಬಲ್ಲವು ಎಂಬುದು ಆ ಕೆಲಸದಿಂದ ಸ್ಪಷ್ಟವಾದ ಸಂಗತಿ. ಕೊಳವೆಯಲ್ಲಿರುವ ಲಿಂಟ್ ತಾನಾಗಿ ಹೊತ್ತಿಕೊಳ್ಳುವಷ್ಟು ಬಿಸಿ ಸಾಮಾನ್ಯವಾಗಿ ಕೊಳವೆಯವರೆಗೆ ಬರುವುದಿಲ್ಲ. ಆದರೆ ಹೀಟರ್ ಬಳಿ ಹುಟ್ಟಿದ ಒಂದು ಕಿಡಿ ಫ್ಯಾನಿನ ಗಾಳಿಯಲ್ಲಿ ತೇಲಿ ಬಂದರೆ, ಗೋಡೆಯೊಳಗೆ ಅಡಿಗಟ್ಟಲೆ ಉದ್ದಕ್ಕೆ ಹಾಸಿಕೊಂಡ ಒಣ ಅರಳೆ ಅದಕ್ಕೆ ಸಿದ್ಧವಾಗಿ ಕಾದಿರುತ್ತದೆ.

ಇದನ್ನು ತಡೆಯಲು ಯಂತ್ರದಲ್ಲಿ ಥರ್ಮೋಸ್ಟಾಟ್‌ಗಳಿಲ್ಲವೇ ಎಂದು ಕೇಳಬಹುದು. ಇವೆ. ಒಂದು, ಹೊರಹೋಗುವ ಗಾಳಿಯ ಬಿಸಿ ನೋಡಿ ಹೀಟರನ್ನು ದಿನನಿತ್ಯ ಹಾಕಿ ಆರಿಸುವುದು. ಇನ್ನೊಂದು, ಹೀಟರ್ ಪೆಟ್ಟಿಗೆ ಮಿತಿಮೀರಿ ಕಾದಾಗ ಮಾತ್ರ ಕಡಿತಗೊಳಿಸುವ ಹೈ ಲಿಮಿಟ್ ಥರ್ಮೋಸ್ಟಾಟ್. ಅದೂ ಕೆಲಸ ಮಾಡದಿದ್ದರೆ ಒಮ್ಮೆಗೆ ಸುಟ್ಟುಹೋಗಿ ಯಂತ್ರವನ್ನೇ ನಿಲ್ಲಿಸುವ ಥರ್ಮಲ್ ಫ್ಯೂಸ್. ಗಾಳಿ ಸರಾಗವಾಗಿದ್ದಾಗ ಎರಡನೆಯದಕ್ಕೆ ಕೆಲಸವೇ ಇರುವುದಿಲ್ಲ. ಕೊಳವೆ ಕಟ್ಟಿದ ಮನೆಯಲ್ಲಿ ಮಾತ್ರ ಅದು ಪ್ರತಿ ಲೋಡಿನಲ್ಲೂ ಹತ್ತಾರು ಸಲ ಬಿಟ್ಟು ಹಿಡಿಯುತ್ತದೆ. ಅಪರೂಪಕ್ಕೆಂದು ಇಟ್ಟ ಕಾವಲುಗಾರನನ್ನು ದಿನವಿಡೀ ದುಡಿಸಿದರೆ ಅದರ ಸಂಪರ್ಕ ಬಿಂದುಗಳು ಸವೆಯುತ್ತವೆ, ಕೆಲವೊಮ್ಮೆ ಒಂದಕ್ಕೊಂದು ಬೆಸೆದುಕೊಂಡು ತೆರೆಯದೇ ಹೋಗುತ್ತವೆ. ಥರ್ಮಲ್ ಫ್ಯೂಸ್ ಸುಟ್ಟಾಗ ಹೊಸ ಫ್ಯೂಸ್ ಹಾಕಿ, ಕೊಳವೆ ನೋಡದೆ ಹೊರಟುಹೋಗುವ ರಿಪೇರಿಯವರಿದ್ದಾರೆ. ಅದು ರೋಗ ಬಿಟ್ಟು ಜ್ವರಕ್ಕೆ ಮಾತ್ರ ಮದ್ದು ಕೊಟ್ಟಂತೆ. ಫ್ಯೂಸ್ ಏಕೆ ಹೋಯಿತು ಎಂದು ಕೇಳದೆ ಅವರಿಗೆ ಹಣ ಕೊಡಬಾರದು.

ಹಾಗಾದರೆ ಕೊಳವೆ ಕಟ್ಟುವುದೇಕೆ? ಬಹುಪಾಲು ಉತ್ತರ ಮನೆ ಕಟ್ಟಿದವನ ನಕಾಶೆಯಲ್ಲಿದೆ. ಹಿಂದೆ ಡ್ರೈಯರ್ ಇರುತ್ತಿದ್ದದ್ದು ನೆಲಮಾಳಿಗೆಯಲ್ಲೋ ಗ್ಯಾರೇಜಿನಲ್ಲೋ, ಹೊರಗೋಡೆಗೆ ತಾಗಿಕೊಂಡು. ಕೊಳವೆ ಎರಡು ಮೂರು ಅಡಿ ಇದ್ದರೆ ಸಾಕಿತ್ತು. ಈಗಿನ ಟೌನ್‌ಹೌಸ್‌ಗಳಲ್ಲಿ ಮಲಗುವ ಕೋಣೆಗಳ ಮಧ್ಯೆ, ಎರಡನೇ ಅಂತಸ್ತಿನ ಒಂದು ಬೀರುವಿನಂಥ ಗೂಡಿನಲ್ಲಿ ವಾಷರ್ ಮತ್ತು ಡ್ರೈಯರ್ ಇರುತ್ತವೆ. ಬಟ್ಟೆ ಹೊತ್ತು ಮೆಟ್ಟಿಲು ಇಳಿಯುವುದು ತಪ್ಪುತ್ತದೆ, ನಿಜ. ಆದರೆ ಗಾಳಿ ಹೊರಗೋಡೆಗೋ ಚಾವಣಿಗೋ ತಲುಪಲು ದೂರ ಸಾಗಬೇಕಾಗುತ್ತದೆ. ದಾರಿಯುದ್ದಕ್ಕೂ ಗಾಳಿ ತಣ್ಣಗಾಗಿ ತೇವ ಕೊಳವೆಯ ಗೋಡೆಗೆ ಕೂರುತ್ತದೆ, ಒದ್ದೆ ಗೋಡೆಗೆ ನಾರು ಅಂಟುತ್ತದೆ, ಪ್ರತಿ ತಿರುವಿನಲ್ಲಿ ಗಾಳಿಯ ವೇಗ ಮುರಿದು ಇನ್ನಷ್ಟು ಕೂರುತ್ತದೆ. ಬೆಂಕಿಗಳು ಹೆಚ್ಚಾಗಿ ಚಳಿಗಾಲದಲ್ಲಿ, ಅದರಲ್ಲೂ ಜನವರಿಯಲ್ಲಿ ಕಾಣುತ್ತವೆ. ಆಗ ಬಟ್ಟೆ ದಪ್ಪ, ಕೊಳವೆ ತಣ್ಣಗೆ; ಎರಡರ ಪರಿಣಾಮವೂ ಅದರಲ್ಲಿ ಇದ್ದೀತು.

ಅಮೆರಿಕದ ಬಹುತೇಕ ರಾಜ್ಯಗಳು ಆಧಾರವಾಗಿ ಇಟ್ಟುಕೊಂಡಿರುವ ವಸತಿ ಕಟ್ಟಡ ಸಂಹಿತೆಯಲ್ಲಿ ಇದಕ್ಕೊಂದು ಲೆಕ್ಕವಿದೆ. ತಯಾರಕರು ಬೇರೆ ಅಳತೆ ಹೇಳದಿದ್ದರೆ ಕೊಳವೆಯ ಗರಿಷ್ಠ ಉದ್ದ 35 ಅಡಿ. ಸಾಮಾನ್ಯ ಬಿಗಿ ಎಲ್ಬೋ ಒಂದು ನೇರ ಕೋನದ ತಿರುವು ಕೊಟ್ಟರೆ ಅದಕ್ಕೆ 5 ಅಡಿ, ಅರ್ಧ ತಿರುವಿಗೆ ಎರಡೂವರೆ ಅಡಿ ಕಳೆಯಬೇಕು. ಯಂತ್ರದಿಂದ ಗೋಡೆಯವರೆಗಿನ ಬಾಗುವ ಮೆದು ಕೊಳವೆ ಈ ಲೆಕ್ಕಕ್ಕೆ ಸೇರದು, ಆದರೆ ಅದು 8 ಅಡಿ ಮೀರುವಂತಿಲ್ಲ, ಗೋಡೆಯೊಳಗೆ ಹುದುಗುವಂತೆಯೂ ಇಲ್ಲ.

ಒಂದು ಟೌನ್‌ಹೌಸನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಡ್ರೈಯರ್ ಹಿಂದಿನ ಗೋಡೆಯಲ್ಲಿ ಕೊಳವೆ 8 ಅಡಿ ಮೇಲೇರುತ್ತದೆ, ಅಟ್ಟದಲ್ಲಿ 16 ಅಡಿ ಅಡ್ಡ ಹೋಗುತ್ತದೆ. ಗೋಡೆ ಹೊಕ್ಕ ಕೂಡಲೇ ಒಂದು ತಿರುವು, ಅಟ್ಟ ಮುಟ್ಟಿದಾಗ ಇನ್ನೊಂದು, ಹೊರಗೋಡೆಯ ಕಡೆಗೆ ತಿರುಗಲು ಮೂರನೆಯದು. ನೇರ ಉದ್ದ 24 ಅಡಿ. ಟೇಪು ಹಿಡಿದು ಅಳೆದವರಿಗೆ 35ರ ಒಳಗೇ ಇದೆ ಎನಿಸುತ್ತದೆ. ಆದರೆ ಮೂರು ಬಿಗಿ ಎಲ್ಬೋಗಳಿಗೆ 15 ಅಡಿ ಸೇರಿಸಿದರೆ 39 ಆಯಿತು. ಮಿತಿಗಿಂತ 4 ಅಡಿ ಹೆಚ್ಚು. ಈ ಮನೆಯವರು ಎಷ್ಟೇ ಶಿಸ್ತಿನಿಂದ ಫಿಲ್ಟರ್ ತೊಳೆದರೂ ಅವರ ಕೊಳವೆ ಪಕ್ಕದ ಮನೆಯದಕ್ಕಿಂತ ಬೇಗ ಕಟ್ಟುತ್ತದೆ. ಪರಿಹಾರ ದೊಡ್ಡದೇನಲ್ಲ. ಬಿಗಿ ಎಲ್ಬೋಗಳ ಬದಲು ಆರು ಇಂಚು ತ್ರಿಜ್ಯದ, ಒಳಮೈ ನುಣುಪಾದ ಉದ್ದ ತಿರುವಿನ ಎಲ್ಬೋ ಹಾಕಿದರೆ ಪ್ರತಿಯೊಂದಕ್ಕೆ ಕಳೆಯಬೇಕಾದದ್ದು 1 ಅಡಿ 9 ಇಂಚು ಮಾತ್ರ. ಮೂರಕ್ಕೆ 5 ಅಡಿ 3 ಇಂಚು. ಒಟ್ಟು 29 ಅಡಿ 3 ಇಂಚು. ಮಿತಿಯೊಳಗೆ ಧಾರಾಳವಾಗಿ ಬಂತು. ಕಟ್ಟುವಾಗ ಮೂರು ತಗಡಿನ ತುಂಡುಗಳನ್ನು ಬದಲಿಸಿದ್ದರೆ ಸಾಕಿತ್ತು. ಇಂಥ ಮನೆಯಲ್ಲಿ ಬೆಂಕಿಯಾದರೆ ವರದಿಯಲ್ಲಿ ಬರುವುದು ‘ಸ್ವಚ್ಛಗೊಳಿಸದೆ ಬಿಟ್ಟದ್ದು’ ಎಂದೇ. ಹಾಗಾಗಿ ಆ ಮೂರನೇ ಒಂದು ಭಾಗದಲ್ಲಿ ಎಷ್ಟು ಪಾಲು ಮನೆಯವರದು, ಎಷ್ಟು ಕಟ್ಟಿದವರದು ಎಂದು ಬಿಡಿಸಿ ನೋಡದೆ ಮನೆಯವರನ್ನು ದೂರುವುದು ನ್ಯಾಯವಲ್ಲ.

ಕೊಳವೆಯ ವಸ್ತುವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಳಮೈ ನುಣುಪಾದ ಗಟ್ಟಿ ಲೋಹದ ಕೊಳವೆಯೇ ಸರಿ. ಹಳೆಯ ಮನೆಗಳಲ್ಲಿ ಇನ್ನೂ ಕಾಣುವ ಬಿಳಿ ಪ್ಲಾಸ್ಟಿಕ್ ಸುರುಳಿ ಕೊಳವೆ ತಾನೇ ಉರಿಯುತ್ತದೆ. ಕಂಡ ದಿನವೇ ತೆಗೆಸಬೇಕು. ತೆಳು ಫಾಯಿಲ್ ಕೊಳವೆಯ ಮಡಿಕೆಗಳಲ್ಲಿ ನಾರು ಕೂರುತ್ತದೆ, ಯಂತ್ರವನ್ನು ಗೋಡೆಗೆ ಒತ್ತಿದಾಗ ಅದು ಅಪ್ಪಚ್ಚಿಯಾಗುತ್ತದೆ. ಜೋಡಣೆಗೆ ಉದ್ದ ಸ್ಕ್ರೂ ಹಾಕಿದರೆ ಒಳಗೆ ಚಾಚಿದ ಮೊನೆಗೆ ನಾರು ಸಿಕ್ಕಿಕೊಂಡು ಅಲ್ಲಿಂದಲೇ ಗಂಟು ಬೆಳೆಯುತ್ತದೆ. ಹೊರಗಿನ ಬಾಯಿಗೆ ಹಕ್ಕಿ ಬಾರದಿರಲೆಂದು ಸಣ್ಣ ಜಾಲರಿ ಹಾಕುವುದು ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪು. ಕೆಲವೇ ತಿಂಗಳಲ್ಲಿ ಅದು ಎರಡನೇ ಫಿಲ್ಟರ್ ಆಗಿ, ಯಾರೂ ತೊಳೆಯದ ಫಿಲ್ಟರ್ ಆಗಿ ನಿಲ್ಲುತ್ತದೆ. ಸಂಹಿತೆ ಅದನ್ನು ನಿಷೇಧಿಸಿದೆ. ಗಾಳಿ ಬಂದಾಗ ತೆರೆದು, ನಿಂತಾಗ ಮುಚ್ಚುವ ಫ್ಲಾಪ್ ಇರುವ ಮುಚ್ಚಳವೇ ಅಲ್ಲಿ ಬೇಕಾದದ್ದು.

ಕಟ್ಟಿದೆಯೇ ಎಂದು ತಿಳಿಯಲು ಉಪಕರಣ ಬೇಡ, ಗಡಿಯಾರ ಸಾಕು. ಮುಕ್ಕಾಲು ಗಂಟೆಯಲ್ಲಿ ಒಣಗುತ್ತಿದ್ದ ಅದೇ ಬಟ್ಟೆ ಒಂದು ಗಂಟೆ ಹಿಡಿದು, ಆಮೇಲೆ ಎರಡನೇ ಸುತ್ತು ಬೇಡತೊಡಗಿದರೆ ಗಾಳಿಯ ದಾರಿ ಮುಚ್ಚುತ್ತಿದೆ ಎಂದೇ ಅರ್ಥ. ಬಟ್ಟೆ ಹೊರತೆಗೆದಾಗ ಕೈ ಸುಡುವಷ್ಟು ಬಿಸಿ, ಆದರೂ ತೇವ: ಇದು ಇನ್ನೂ ಖಚಿತ ಸೂಚನೆ, ಏಕೆಂದರೆ ಬಿಸಿ ಇದೆ, ಆವಿ ಹೊರಗೆ ಹೋಗುತ್ತಿಲ್ಲ. ಯಂತ್ರದ ಮೇಲ್ಭಾಗ ಕಾದಿರುವುದು, ಆ ಗೂಡಿನ ಗೋಡೆ ಬೆವರುವುದು, ಬಾಗಿಲ ರಬ್ಬರಿನ ಸುತ್ತ ನಾರು ಅಂಟಿರುವುದು, ಒಂದು ಬಗೆಯ ಸೀದ ವಾಸನೆ. ಈ ಕೊನೆಯದು ಬಂದರೆ ಇನ್ನೊಂದು ಲೋಡು ಹಾಕದೆ ಪ್ಲಗ್ ಕೀಳಬೇಕು. ಯಂತ್ರ ಓಡುತ್ತಿರುವಾಗ ಹೊರಗೆ ಹೋಗಿ ಫ್ಲಾಪ್ ನೋಡುವುದು ಎಲ್ಲಕ್ಕಿಂತ ಸುಲಭ. ಅದು ಚೆನ್ನಾಗಿ ತೆರೆದು ಅಂಗೈಗೆ ಗಾಳಿ ಬಲವಾಗಿ ತಾಗಬೇಕು. ಅರೆಬರೆ ಅಲುಗಾಡುತ್ತಿದ್ದರೆ ಒಳಗೆ ತಡೆಯಿದೆ.

ಸ್ವಚ್ಛ ಮಾಡುವ ಕೆಲಸ ಹೊರಗಿನಿಂದ ಒಳಗೆ ಎಂಬ ಕ್ರಮದಲ್ಲಿ ಯೋಚಿಸಿದರೆ ಸರಳ. ವರ್ಷಕ್ಕೊಮ್ಮೆ, ಉದ್ದ ಕೊಳವೆಯಿದ್ದರೆ ಅಥವಾ ದಿನವೂ ಯಂತ್ರ ಓಡುತ್ತಿದ್ದರೆ ಇನ್ನೂ ಬೇಗ. ಮೊದಲು ಪ್ಲಗ್ ತೆಗೆಯಬೇಕು, ಯಂತ್ರವನ್ನು ಮುಂದಕ್ಕೆ ಎಳೆದು ಹಿಂದಿನ ಮೆದು ಕೊಳವೆ ಬಿಚ್ಚಬೇಕು. ಗೋಡೆಯೊಳಗಿನ ಕೊಳವೆಗೆ, ಒಂದಕ್ಕೊಂದು ತಿರುಪಿ ಜೋಡಿಸುವ ಬಾಗುವ ಕಡ್ಡಿಗಳ ತುದಿಗೆ ಬ್ರಷ್ ಇರುವ ಕಿಟ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಡ್ರಿಲ್ ಮಷಿನ್ನಿಗೆ ಸಿಕ್ಕಿಸಿ ನಿಧಾನ ವೇಗದಲ್ಲಿ ತಿರುಗಿಸುತ್ತ ಒಳಗೆ ತಳ್ಳಿ ಎಳೆಯುವುದು ಕೆಲಸ. ಇಲ್ಲಿ ಒಂದು ಎಚ್ಚರ ಬೇಕು: ಡ್ರಿಲ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗಬೇಕು, ಹೊರಗೆಳೆಯುವಾಗಲೂ. ಉಲ್ಟಾ ತಿರುಗಿಸಿದರೆ ಕಡ್ಡಿಗಳ ತಿರುಪು ಬಿಚ್ಚಿಕೊಂಡು ಬ್ರಷ್ ಗೋಡೆಯೊಳಗೇ ಉಳಿದುಬಿಡುತ್ತದೆ. ಆಗ ಗೋಡೆ ಒಡೆಸಬೇಕಾಗುತ್ತದೆ. ಫಾಯಿಲ್ ಕೊಳವೆಗೆ ಈ ಬ್ರಷ್ ಹಾಕಬಾರದು, ಹರಿಯುತ್ತದೆ. ಅದನ್ನು ಹೊಸದಕ್ಕೆ ಬದಲಿಸುವುದೇ ಸರಿ. ಎಲೆ ಊದುವ ಬ್ಲೋವರ್‌ನಿಂದ ರಭಸವಾಗಿ ಊದುವವರೂ ಇದ್ದಾರೆ. ಮಧ್ಯದಲ್ಲಿ ಎಲ್ಲಾದರೂ ಜೋಡಣೆ ಸಡಿಲವಿದ್ದರೆ ಅಷ್ಟೂ ನಾರು ಗೋಡೆಯ ಪೊಳ್ಳಿಗೋ ಅಟ್ಟಕ್ಕೋ ಹೋಗಿ ಬೀಳುತ್ತದೆ. ಆದ್ದರಿಂದ ನನಗದು ಇಷ್ಟವಿಲ್ಲ. ಜೋಡಣೆಗಳನ್ನು ಅಲ್ಯೂಮಿನಿಯಂ ಫಾಯಿಲ್ ಟೇಪಿನಿಂದ ಮುಚ್ಚಬೇಕು. ಬಟ್ಟೆಯ ಟೇಪಿನ ಅಂಟು ಬಿಸಿಗೆ ಕಳಚುತ್ತದೆ.

ನಂತರ ಫಿಲ್ಟರ್ ಕೂರುವ ಸೀಳಿನೊಳಗೆ ಕಿರಿದಾದ ಬಾಯಿಯ ವ್ಯಾಕ್ಯೂಮ್ ಇಳಿಸಿ ತೆಗೆಯಬೇಕು. ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ನೋಡಿ. ನೀರು ಜಾಲರಿಯ ಮೇಲೆ ನಿಂತರೆ ಬಟ್ಟೆ ಮೃದುಗೊಳಿಸುವ ಹಾಳೆಗಳ ಜಿಡ್ಡು ಅದಕ್ಕೆ ಕಟ್ಟಿದೆ. ಸೋಪು ನೀರಿನಲ್ಲಿ ಮೆದು ಬ್ರಷ್‌ನಿಂದ ತಿಕ್ಕಬೇಕು. ಇಷ್ಟಕ್ಕೆ ನಿಲ್ಲಿಸುವವರೇ ಬಹಳ. ಆದರೆ ಮೊದಲು ಹೇಳಿದಂತೆ ಬೆಂಕಿ ಹುಟ್ಟುವ ಜಾಗ ಕವಚದೊಳಗೆ, ಹೀಟರ್ ಮತ್ತು ಮೋಟಾರಿನ ಸುತ್ತ. ಅದು ಬ್ರಷ್‌ಗೆ ಸಿಗದು. ಎರಡು ಮೂರು ವರ್ಷಕ್ಕೊಮ್ಮೆಯಾದರೂ ಕವಚ ಬಿಚ್ಚಿ ವ್ಯಾಕ್ಯೂಮ್ ಮಾಡಿಸಬೇಕು. ಕೈಯಲ್ಲಿ ಕಸುಬಿಲ್ಲದವರು ಟೆಕ್ನಿಷಿಯನ್ ಕರೆಯುವುದೇ ಲೇಸು. ಕೊಳವೆ ಸ್ವಚ್ಛಗೊಳಿಸುವ ಕಂಪನಿಗಳ ‘ವೆಂಟ್ ಕ್ಲೀನಿಂಗ್’ ದರದಲ್ಲಿ ಇದು ಸೇರಿರುವುದಿಲ್ಲ. ಮೊದಲೇ ಕೇಳಿಕೊಳ್ಳಬೇಕು. ಯಂತ್ರವನ್ನು ಮತ್ತೆ ಜಾಗಕ್ಕೆ ತಳ್ಳುವಾಗ ಹಿಂದಿನ ಕೊಳವೆ ಮಡಚಿಕೊಂಡರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಹಾಗಾಗಿ ಕೊನೆಗೆ ಬಿಸಿಯಿಲ್ಲದ ಗಾಳಿಯಲ್ಲಿ ಹತ್ತು ನಿಮಿಷ ಓಡಿಸಿ, ಹೊರಗೆ ಫ್ಲಾಪ್ ನೋಡಿ ಬರಬೇಕು.

ಎಲ್ಲವೂ ಬಳಸುವವರ ಕೈಯಲ್ಲೇ ಇಲ್ಲ ಎಂಬುದಕ್ಕೆ ಬ್ರಿಟನ್ನಿನ ಪ್ರಕರಣಕ್ಕಿಂತ ಬಲವಾದ ಸಾಕ್ಷಿ ಬೇಡ. 2004ರಿಂದ 2015ರವರೆಗೆ ಹಾಟ್‌ಪಾಯಿಂಟ್, ಇಂಡೆಸಿಟ್ ಮುಂತಾದ ಹೆಸರುಗಳಲ್ಲಿ ಮಾರಾಟವಾದ ಲಕ್ಷಾಂತರ ಡ್ರೈಯರ್‌ಗಳಲ್ಲಿ ನಾರು ಹೀಟರನ್ನು ಮುಟ್ಟಬಹುದಾದ ವಿನ್ಯಾಸ ದೋಷವಿತ್ತು. ಆ ಕಂಪನಿಗಳನ್ನು ಕೊಂಡಿದ್ದ ವರ್ಲ್‌ಪೂಲ್ 2015ರ ನವೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿತು. ಆದರೆ ರಿಪೇರಿಯವರು ಬರುವತನಕ ಯಂತ್ರ ಬಳಸಬಹುದು, ಎದುರಿಗೆ ಯಾರಾದರೂ ಇದ್ದರೆ ಸಾಕು ಎಂದು ಸಲಹೆ ಕೊಟ್ಟಿತು. 2016ರ ಆಗಸ್ಟ್ 19ರಂದು ಪಶ್ಚಿಮ ಲಂಡನ್ನಿನ ಶೆಫರ್ಡ್ಸ್ ಕೋರ್ಟ್ ಎಂಬ ಗೋಪುರ ಕಟ್ಟಡದ ಏಳನೇ ಅಂತಸ್ತಿನಲ್ಲಿ ಇಂಥದೊಂದು ಯಂತ್ರಕ್ಕೆ ಬೆಂಕಿ ಹತ್ತಿತು. ಮನೆಯಲ್ಲಿ ಜನರಿದ್ದರು. ಆದರೂ ಬೆಂಕಿ ಮೇಲಿನ ಅಂತಸ್ತುಗಳಿಗೆ ಏರಿತು, 120 ಅಗ್ನಿಶಾಮಕರು ಬರಬೇಕಾಯಿತು, ಹತ್ತಾರು ಕುಟುಂಬಗಳು ಮನೆ ಬಿಡಬೇಕಾಯಿತು. ಪ್ಲಗ್ ತೆಗೆದಿಡಿ ಎಂದು ಸಲಹೆ ಬದಲಾದದ್ದು 2017ರಲ್ಲಿ, ಸರಿಪಡಿಸದ ಯಂತ್ರಗಳನ್ನು ವಾಪಸ್ ಕರೆಸಿದ್ದು 2019ರಲ್ಲಿ. ಆ ನಡುವಿನ ವರ್ಷಗಳು ನನ್ನನ್ನು ಬಹಳ ಕಾಡುತ್ತವೆ. ಕಣ್ಣೆದುರು ಇಟ್ಟುಕೊಂಡು ಓಡಿಸುವುದರಿಂದ ಬೆಂಕಿ ಬೇಗ ಕಾಣುತ್ತದೆ, ಅಷ್ಟೇ. ಅದು ಹುಟ್ಟುವುದು ತಪ್ಪುವುದಿಲ್ಲ.

ಲಿಂಟ್ ಅಲ್ಲದ ಒಂದು ಕಾರಣವನ್ನೂ ನಮ್ಮ ಮನೆಗಳಿಗಾಗಿ ಹೇಳಲೇಬೇಕು. ಎನ್‌ಎಫ್‌ಪಿಎ ಲೆಕ್ಕದಲ್ಲಿ ಮೊದಲು ಹೊತ್ತಿಕೊಂಡ ವಸ್ತು ಸುಮಾರು ಕಾಲುಭಾಗದಲ್ಲಿ ಲಿಂಟ್ ಆದರೆ, ಇನ್ನೊಂದು ಕಾಲುಭಾಗದಲ್ಲಿ ಬಟ್ಟೆಯೇ. ಅಡುಗೆ ಎಣ್ಣೆ ಕುಡಿದ ಒರೆಸುವ ಬಟ್ಟೆ, ಎಣ್ಣೆ ಸ್ನಾನದ ಟವೆಲ್ ಒಗೆದ ಮೇಲೂ ಸ್ವಲ್ಪ ಎಣ್ಣೆ ಉಳಿಸಿಕೊಂಡಿರುತ್ತವೆ. ಸೂರ್ಯಕಾಂತಿ, ಸೋಯಾ ಎಣ್ಣೆಗಳು ಗಾಳಿಯೊಡನೆ ಸೇರಿ ತಾವಾಗಿ ಬಿಸಿಯಾಗುತ್ತವೆ. ಎಳ್ಳೆಣ್ಣೆಯೂ ಒಂದು ಮಟ್ಟಿಗೆ ಹಾಗೆಯೇ, ಕೊಬ್ಬರಿ ಎಣ್ಣೆ ಬಹಳ ಕಡಿಮೆ. ಬಿಸಿಬಿಸಿಯಾಗಿ ಗುಡ್ಡೆ ಹಾಕಿದಾಗ ಒಳಗಿನ ಕಾವು ಹೊರಹೋಗದೆ ಏರುತ್ತಲೇ ಹೋಗಿ, ಯಂತ್ರ ನಿಂತ ಗಂಟೆಗಳ ಮೇಲೂ ಹೊತ್ತಿಕೊಳ್ಳಬಹುದು. ಕೊನೆಯ ತಣಿಸುವ ಸುತ್ತನ್ನು ಮಧ್ಯದಲ್ಲಿ ನಿಲ್ಲಿಸಬಾರದೆನ್ನುವುದು ಇದಕ್ಕೇ. ಇಂಥ ಬಟ್ಟೆಗಳನ್ನು ಹಗ್ಗಕ್ಕೆ ಹಾಕುವುದೇ ಸರಿ.

ಬೆಂಗಳೂರು ಮಂಗಳೂರುಗಳ ಫ್ಲ್ಯಾಟುಗಳಲ್ಲೂ ಈಗ ಮಳೆಗಾಲಕ್ಕೆಂದು ಡ್ರೈಯರ್ ಬರುತ್ತಿದೆ. ಇಲ್ಲಿ 16 ಆಂಪ್ ಸಾಕೆಟ್ಟಿಗೆ ಹಾಕುವ, ಸುಮಾರು 2,000 ವಾಟ್‌ನ ಸಣ್ಣ ಯಂತ್ರಗಳು. ಕೊಳವೆ ಗೋಡೆಯೊಳಗೆ ಹೋಗುವುದು ಅಪರೂಪ. ಆ ಮಟ್ಟಿಗೆ ಅಪಾಯ ಕಡಿಮೆ. ಆದರೆ ಯುಟಿಲಿಟಿಯ ಮೂಲೆಯಲ್ಲಿ ಕೊಳವೆಯನ್ನೇ ಜೋಡಿಸದೆ ಓಡಿಸಿದರೆ ನಾರು ಸುತ್ತಲೂ ಹಾರಿ ಅದೇ ಯಂತ್ರದ ಗಾಳಿ ಬಾಯಿಗೆ ಮರಳಿ ಬರುತ್ತದೆ. ಹೊಸದಾಗಿ ಕೊಳ್ಳುವವರಿಗೆ ಹೀಟ್ ಪಂಪ್ ಮಾದರಿ ನಾನು ಸೂಚಿಸುವುದು. ಅದರಲ್ಲಿ ಕೆಂಪಗೆ ಕಾಯುವ ಸುರುಳಿಯಿಲ್ಲ, ಹೊರಕೊಳವೆಯೂ ಬೇಡ, ಗಾಳಿಯ ಬಿಸಿಯೂ ಬಹಳ ಕಡಿಮೆ. ಬೆಲೆ ಹೆಚ್ಚು, ಸಮಯವೂ ಹೆಚ್ಚು ಬೇಕು. ಒಳಗಿನ ತಂಪು ಕಾಯಿಲ್‌ಗೆ ನಾರು ಕಟ್ಟುವುದರಿಂದ ಸ್ವಚ್ಛತೆಯ ಕೆಲಸ ಅಲ್ಲೂ ತಪ್ಪಿದ್ದಲ್ಲ.

ಅಮೆರಿಕದಲ್ಲಿ 2013ರ ಮಾರ್ಚ್‌ನಿಂದ ಜಾರಿಗೆ ಬಂದ ಯುಎಲ್ 2158 ಮಾನದಂಡದ ತಿದ್ದುಪಡಿಯಂತೆ, ಹೊಸ ಎಲೆಕ್ಟ್ರಿಕ್ ಡ್ರೈಯರ್ ಒಳಗೆ ಬೆಂಕಿ ಹುಟ್ಟಿದರೂ ಅದನ್ನು ಕವಚದೊಳಗೇ ಹಿಡಿದಿಡಬೇಕು. ಈ ರಕ್ಷಣೆ ಕೆಲಸ ಮಾಡುವುದು ಬಾಗಿಲು ಮುಚ್ಚಿದ್ದರೆ ಮಾತ್ರ. ಡ್ರಮ್ಮಿನಿಂದ ಹೊಗೆ ಕಂಡಾಗ ಬಟ್ಟೆ ಉಳಿಸಿಕೊಳ್ಳಲು ಬಾಗಿಲು ತೆರೆಯುವುದು ಸಹಜ ತುಡಿತ, ಅದನ್ನು ತಡೆದುಕೊಳ್ಳಬೇಕು. ತೆರೆದ ಕ್ಷಣ ಒಳಗಿನ ಬೆಂಕಿಗೆ ಬೇಕಾದ ಗಾಳಿ ಸಿಗುತ್ತದೆ. ಬಾಗಿಲು ಮುಚ್ಚಿಯೇ ಇರಲಿ. ಬ್ರೇಕರ್ ಕೈಗೆಟುಕುವಂತಿದ್ದರೆ ಇಳಿಸಿ, ಆ ಕೋಣೆಯ ಬಾಗಿಲನ್ನೂ ಎಳೆದುಕೊಂಡು, ಮಕ್ಕಳು ಹಿರಿಯರನ್ನು ಕರೆದುಕೊಂಡು ಮನೆಯಿಂದ ಹೊರಗೆ ಬಂದು ಫೋನ್ ಮಾಡಬೇಕು. ಬೆಂಕಿ ಆರಿದಂತೆ ಕಂಡರೂ ಗೋಡೆಯೊಳಗಿನ ಕೊಳವೆಯಲ್ಲಿ ಕೆಂಡ ಉಳಿದಿದೆಯೇ ಎಂದು ಅಗ್ನಿಶಾಮಕದವರು ನೋಡಿ ಹೇಳುವವರೆಗೆ ಒಳಗೆ ಹೋಗಬಾರದು.